ಸೆಕ್ಯುರಿಟಿ ಗ್ರೂಪ್ ಸಾಕಾ, ನ್ಯಾಕಲ್ ಬೇಕಾ? ನಿಯಮ ಓದುವ ಎರಡು ರೀತಿ

ಒಂದು ಸಂಜೆ ನಮ್ಮ ಲಾಗಿನ್ ಪುಟಕ್ಕೆ ಒಂದೇ ಐಪಿಯಿಂದ ಬಿಡುವಿಲ್ಲದೆ ರಿಕ್ವೆಸ್ಟ್ ಬರಲು ಶುರುವಾಯಿತು. ಯಾರೋ ಪಾಸ್‌ವರ್ಡ್ ಊಹಿಸುತ್ತಾ ಕೂತಿದ್ದರು. ಪಕ್ಕದಲ್ಲಿದ್ದ ಗೆಳೆಯ ಎಡಬ್ಲ್ಯುಎಸ್ ಕನ್ಸೋಲ್ ತೆರೆದು, ಸೀದಾ ಸೆಕ್ಯುರಿಟಿ ಗ್ರೂಪ್‌ಗೆ ಹೋಗಿ, ಎರಡು ನಿಮಿಷ ಹುಡುಕಿ ಕೇಳಿದ: "ಗುರು, ಇದರಲ್ಲಿ ಡಿನೈ ಎಲ್ಲಿದೆ?"

ಎಲ್ಲೂ ಇಲ್ಲ. ಸೆಕ್ಯುರಿಟಿ ಗ್ರೂಪ್‌ಗೆ "ಬೇಡ" ಎನ್ನಲು ಬರುವುದಿಲ್ಲ. ಅದಕ್ಕೆ ಬರುವುದು "ಸರಿ, ಬಿಡು" ಎನ್ನಲು ಮಾತ್ರ. ಡಿನೈ ಇರುವುದು ನೆಟ್‌ವರ್ಕ್ ಎಸಿಎಲ್‌ನಲ್ಲಿ. ಅದನ್ನು ನಾವೆಲ್ಲ ನ್ಯಾಕಲ್ ಅಂತಲೇ ಕರೆಯುವುದು. ಆ ಸಂಜೆ ಅಲ್ಲಿಗೂ ಹೋದೆವು, ಮೊದಲ ಸಲ ತಪ್ಪಾಗಿಯೇ ಬರೆದೆವು. ಎರಡೂ ಫೈರ್‌ವಾಲ್‌ಗಳೇ, ಎರಡರಲ್ಲೂ ಪೋರ್ಟ್, ಐಪಿ, ಪ್ರೋಟೋಕಾಲ್ ಬರೆಯುತ್ತೇವೆ. ಕನ್ಸೋಲ್‌ನಲ್ಲಿ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಬರೆದ ನಿಯಮವನ್ನು ಅವು ಓದುವ ರೀತಿ ಪೂರ್ತಿ ಬೇರೆ. ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದು ಆ ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ.

ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ವಿಪಿಸಿ 10.0.0.0/16. ಅದರಲ್ಲಿ ಲೋಡ್ ಬ್ಯಾಲೆನ್ಸರ್ ಇರುವ ಪಬ್ಲಿಕ್ ಸಬ್‌ನೆಟ್ 10.0.1.0/24, ಆ್ಯಪ್ ಸರ್ವರ್‌ಗಳ ಸಬ್‌ನೆಟ್ 10.0.2.0/24, ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವ ಸಬ್‌ನೆಟ್ 10.0.3.0/24. ತೊಂದರೆ ಕೊಡುತ್ತಿದ್ದ ಐಪಿ 203.0.113.45 ಅಂತಿರಲಿ.

## ಸೆಕ್ಯುರಿಟಿ ಗ್ರೂಪ್ ಎಲ್ಲ ನಿಯಮಗಳನ್ನೂ ಓದುತ್ತದೆ

ಸೆಕ್ಯುರಿಟಿ ಗ್ರೂಪ್ ಅಂಟಿಕೊಳ್ಳುವುದು ಸರ್ವರ್‌ನ ನೆಟ್‌ವರ್ಕ್ ಇಂಟರ್ಫೇಸ್‌ಗೆ, ಅಂದರೆ ಇಎನ್‌ಐಗೆ. ಒಂದು ಇಂಟರ್ಫೇಸ್‌ಗೆ ಸಾಮಾನ್ಯವಾಗಿ ಐದು ಗ್ರೂಪ್‌ವರೆಗೆ ಹಾಕಬಹುದು. ಪ್ಯಾಕೆಟ್ ಬಂದಾಗ ಆ ಐದೂ ಗ್ರೂಪ್‌ಗಳ ಎಲ್ಲ ನಿಯಮಗಳೂ ಒಂದೇ ರಾಶಿಗೆ ಬೀಳುತ್ತವೆ. ರಾಶಿಯಲ್ಲಿ ಯಾವುದಾದರೂ ಒಂದು ನಿಯಮ "ಬಿಡು" ಅಂದರೆ ಸಾಕು, ಪ್ಯಾಕೆಟ್ ಒಳಗೆ. ಒಂದೂ ಹೊಂದದಿದ್ದರೆ ಹೊರಗೆ. ಯಾವ ನಿಯಮ ಮೇಲಿದೆ, ಯಾವುದು ಕೆಳಗಿದೆ ಅನ್ನುವುದಕ್ಕೆ ಇಲ್ಲಿ ಅರ್ಥವೇ ಇಲ್ಲ.

ಕೇಳಲು ಸುಲಭ. ಆದರೆ ಜನ ಎಡವುವುದು ಇಲ್ಲೇ. ಯಾರೋ ಹಿಂದೆ 22ನೇ ಪೋರ್ಟನ್ನು 0.0.0.0/0ಗೆ ತೆರೆದಿಟ್ಟಿದ್ದರು ಅನ್ನಿ. ಆಡಿಟ್ ಬಂತು. "ಆಫೀಸಿನ ಐಪಿಗೆ ಮಾತ್ರ ಬಿಗಿ ಮಾಡಿ" ಅಂದರು. ನೀವು ಆಫೀಸಿನ /32 ಹಾಕಿ ಇನ್ನೊಂದು ನಿಯಮ ಸೇರಿಸಿದಿರಿ. ಬಿಗಿಯಾಯಿತಾ? ಒಂದಿಷ್ಟೂ ಇಲ್ಲ. ಹಳೆಯ ನಿಯಮ ಇನ್ನೂ ರಾಶಿಯಲ್ಲಿದೆ, ಅದು ಜಗತ್ತಿಗೆಲ್ಲ ಬಾಗಿಲು ತೆರೆದೇ ಇದೆ. ಸೆಕ್ಯುರಿಟಿ ಗ್ರೂಪ್‌ನಲ್ಲಿ ನಿಯಮ ಸೇರಿಸಿ ಬಿಗಿ ಮಾಡಲು ಆಗುವುದೇ ಇಲ್ಲ, ತೆಗೆದರೆ ಮಾತ್ರ ಬಿಗಿಯಾಗುತ್ತದೆ. ಇನ್ನೊಂದು ರೂಪದಲ್ಲೂ ಇದೇ ತಪ್ಪು ಆಗುತ್ತದೆ. ಡೀಬಗ್ ಮಾಡಲೆಂದು ಒಂದು ತಾತ್ಕಾಲಿಕ ಗ್ರೂಪನ್ನು ಸರ್ವರ್‌ಗೆ ಅಂಟಿಸಿ ಮರೆತುಬಿಡುವುದು. ಮುಖ್ಯ ಗ್ರೂಪ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಮರೆತ ಗ್ರೂಪ್‌ನ ಮಾತೂ ಅಷ್ಟೇ ನಡೆಯುತ್ತದೆ. ಹಾಗಾಗಿ ಗ್ರೂಪ್ ನೋಡಿದರೆ ಸಾಲದು, ಇಂಟರ್ಫೇಸ್‌ಗೆ ಏನೇನು ಅಂಟಿದೆ ಅಂತ ನೋಡಬೇಕು.

ಎರಡನೆಯ ಗುಣ ನೆನಪು. ಆ್ಯಪ್ ಸರ್ವರ್ ಡೇಟಾಬೇಸ್‌ನ 5432ಕ್ಕೆ ಮಾತು ಶುರು ಮಾಡಿತು ಅನ್ನಿ. ಡೇಟಾಬೇಸ್‌ನ ಗ್ರೂಪ್ ಅದನ್ನು ಒಳಗೆ ಬಿಟ್ಟು, "ಇಂಥವರು ಬಂದಿದ್ದಾರೆ" ಅಂತ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಹೊರಗೆ ಹೋಗುವಾಗ ಹೊರಹೋಗುವ ನಿಯಮಗಳನ್ನು ಮತ್ತೆ ಕೇಳುವುದಿಲ್ಲ. ಡೇಟಾಬೇಸ್‌ನ ಗ್ರೂಪ್‌ನಲ್ಲಿ ಒಂದೂ ಔಟ್‌ಬೌಂಡ್ ನಿಯಮ ಇಲ್ಲದಿದ್ದರೂ ಉತ್ತರ ಹೋಗುತ್ತದೆ. ಇದನ್ನೇ ಸ್ಟೇಟ್‌ಫುಲ್ ಅನ್ನುವುದು.

ಈ ನೆನಪಿಗೆ ಒಂದು ಅಡ್ಡಪರಿಣಾಮವೂ ಇದೆ. ಹೀಗೆ ಟ್ರ್ಯಾಕ್ ಆಗುತ್ತಿರುವ ಸಂಪರ್ಕ ನಡೆಯುತ್ತಿರುವಾಗ ನೀವು ನಿಯಮ ಅಳಿಸಿದರೂ ಆ ಸಂಪರ್ಕ ತಕ್ಷಣ ಕಡಿದುಹೋಗುವುದಿಲ್ಲ. ಹೊಸದಾಗಿ ಬರುವವರಿಗೆ ಮಾತ್ರ ಬಾಗಿಲು ಮುಚ್ಚುತ್ತದೆ. ಒಳಗೆ ಕೂತವರು ಎದ್ದುಹೋಗುವವರೆಗೆ ಕೂತೇ ಇರುತ್ತಾರೆ. ಒಬ್ಬರನ್ನು ಈ ಕ್ಷಣವೇ ಹೊರಹಾಕಬೇಕು ಅಂದಾಗ ಇದು ದೊಡ್ಡ ವಿಷಯ.

ಇನ್ನು ಸೆಕ್ಯುರಿಟಿ ಗ್ರೂಪ್‌ನ ಅತಿ ಒಳ್ಳೆಯ ಗುಣ ಅಂತ ನಾನು ಎಣಿಸುವುದು ಬೇರೆಯದೇ. ಮೂಲದ ಜಾಗದಲ್ಲಿ ಐಪಿ ಬದಲು ಇನ್ನೊಂದು ಗ್ರೂಪ್‌ನ ಹೆಸರನ್ನೇ ಕೊಡಬಹುದು:

```
aws ec2 authorize-security-group-ingress \
  --group-id sg-0db11111 --protocol tcp --port 5432 \
  --source-group sg-0app2222
```

"ಆ್ಯಪ್ ಗ್ರೂಪ್ ಯಾರಿಗೆ ಅಂಟಿದೆಯೋ ಅವರಿಗೆ 5432 ಬಿಡು" ಅಂತ ಇದರ ಅರ್ಥ. ಆಟೋ ಸ್ಕೇಲಿಂಗ್‌ನಲ್ಲಿ ಸರ್ವರ್‌ಗಳು ಬರಲಿ, ಹೋಗಲಿ, ಐಪಿ ಬದಲಾಗಲಿ, ನಿಯಮ ಮುಟ್ಟಬೇಕಿಲ್ಲ. ನ್ಯಾಕಲ್‌ಗೆ ಈ ವಿದ್ಯೆ ಬರುವುದಿಲ್ಲ, ಅದಕ್ಕೆ ಐಪಿ ವ್ಯಾಪ್ತಿ ಬಿಟ್ಟು ಬೇರೇನೂ ಗೊತ್ತಿಲ್ಲ. ಒಂದು ಎಚ್ಚರ ಇರಲಿ: ಗ್ರೂಪ್ ಹೆಸರಿನ ನಿಯಮ ಪ್ರೈವೇಟ್ ಐಪಿಯನ್ನು ಮಾತ್ರ ಗುರುತಿಸುತ್ತದೆ. ಪಕ್ಕದ ಸರ್ವರ್‌ನ ಎಲಾಸ್ಟಿಕ್ ಐಪಿ ಹಾಕಿ ಮಾತಾಡಿಸಿದರೆ ನಿಯಮ ಹೊಂದುವುದಿಲ್ಲ. ಆಗ "ಎಲ್ಲಾ ಸರಿ ಇದೆ, ಆದರೂ ಟೈಮ್‌ಔಟ್" ಅಂತ ತಲೆ ಕೆರೆದುಕೊಳ್ಳುವ ಸ್ಥಿತಿ.

## ನ್ಯಾಕಲ್ ಮೊದಲು ಹೊಂದಿದ್ದಕ್ಕೇ ನಿಲ್ಲುತ್ತದೆ

ನ್ಯಾಕಲ್ ಕೂರುವುದು ಸಬ್‌ನೆಟ್‌ನ ಗಡಿಯಲ್ಲಿ. ಹೊರಗಿನಿಂದ ಬರುವ ಪ್ಯಾಕೆಟ್ ಮೊದಲು ನ್ಯಾಕಲ್ ದಾಟಿ, ಆಮೇಲೆ ಸೆಕ್ಯುರಿಟಿ ಗ್ರೂಪ್‌ಗೆ ಬರುತ್ತದೆ. ಹೊರಗೆ ಹೋಗುವಾಗ ಉಲ್ಟಾ. ಎರಡೂ ಒಪ್ಪಿದರೆ ಮಾತ್ರ ದಾರಿ.

ಪ್ರತಿ ನಿಯಮಕ್ಕೂ ಒಂದು ಸಂಖ್ಯೆ ಇರುತ್ತದೆ, 1ರಿಂದ 32766ರವರೆಗೆ. ಸಣ್ಣ ಸಂಖ್ಯೆಯಿಂದ ಓದಲು ಶುರು ಮಾಡುತ್ತದೆ. ಯಾವ ನಿಯಮ ಮೊದಲು ಹೊಂದುತ್ತದೋ ಅದರ ಮಾತೇ ಕೊನೆ, ಮುಂದಿನದನ್ನು ಓದುವುದೇ ಇಲ್ಲ. ಒಂದೂ ಹೊಂದದಿದ್ದರೆ ಕೊನೆಯಲ್ಲಿ ನಕ್ಷತ್ರ ಗುರುತಿನ ಒಂದು ನಿಯಮ ಕಾಯುತ್ತಿರುತ್ತದೆ, ಅದು ಎಲ್ಲವನ್ನೂ ತಡೆಯುತ್ತದೆ. ಅದನ್ನು ಅಳಿಸಲು ಆಗುವುದಿಲ್ಲ.

ಆ ಸಂಜೆಗೆ ವಾಪಸ್ ಬರೋಣ. ಗೆಳೆಯ ನ್ಯಾಕಲ್ ತೆರೆದ. ವಿಪಿಸಿ ಜೊತೆಗೇ ಬರುವ ಡಿಫಾಲ್ಟ್ ನ್ಯಾಕಲ್ ಅದು. ಅದರಲ್ಲಿ ಮೊದಲೇ ಒಂದು 100ನೇ ನಿಯಮ ಇತ್ತು: ಎಲ್ಲರಿಗೂ ಎಲ್ಲವನ್ನೂ ಬಿಡು. ಇವನು ಅದರ ಕೆಳಗೆ 110 ಅಂತ ಸಂಖ್ಯೆ ಕೊಟ್ಟು 203.0.113.45ಕ್ಕೆ ಡಿನೈ ಬರೆದ. ಸೇವ್ ಮಾಡಿದ. ಲಾಗ್ ನೋಡಿದೆವು. ರಿಕ್ವೆಸ್ಟ್‌ಗಳು ಹಾಗೇ ಬರುತ್ತಿವೆ! ಯಾಕೆಂದರೆ 100 ಎಲ್ಲರಿಗೂ ಹೊಂದುತ್ತದೆ. 110ನ್ನು ಓದುವ ಸರದಿಯೇ ಬರುವುದಿಲ್ಲ. ಬೇಕಾಗಿದ್ದದ್ದು ಹೀಗೆ:

```
aws ec2 create-network-acl-entry \
  --network-acl-id acl-0a1b2c3d --ingress --rule-number 90 \
  --protocol tcp --port-range From=443,To=443 \
  --cidr-block 203.0.113.45/32 --rule-action deny
```

90 ಹಾಕಿದ ಸ್ವಲ್ಪ ಹೊತ್ತಿಗೇ ಸದ್ದು ನಿಂತಿತು. ಹೊಸ ಸಂಪರ್ಕಗಳು ಮಾತ್ರವಲ್ಲ, ಅದಾಗಲೇ ನಡೆಯುತ್ತಿದ್ದವೂ ನಿಂತವು. ನ್ಯಾಕಲ್‌ಗೆ ನೆನಪಿಲ್ಲ. ಬರುವ ಪ್ರತಿ ಪ್ಯಾಕೆಟ್ಟನ್ನೂ ಹೊಸಬನಂತೆಯೇ ನೋಡುತ್ತದೆ.

ಈ ತಡೆಯನ್ನು ಎಲ್ಲಿ ಹಾಕಬೇಕು ಅನ್ನುವುದೂ ಅಷ್ಟೇ ಮುಖ್ಯ. ಲಾಗಿನ್ ಕೋಡ್ ಓಡುವುದು ಆ್ಯಪ್ ಸರ್ವರ್‌ನಲ್ಲಿ, ಹಾಗಾಗಿ ಆ್ಯಪ್ ಸಬ್‌ನೆಟ್‌ನ ನ್ಯಾಕಲ್‌ನಲ್ಲಿ ತಡೆಯೋಣ ಅಂತ ಯಾರಿಗಾದರೂ ಅನಿಸಬಹುದು. ಅದು ಕೆಲಸ ಮಾಡುವುದಿಲ್ಲ. ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ತನ್ನದೇ ಹೊಸ ಸಂಪರ್ಕ ಮಾಡಿಕೊಂಡು ಆ್ಯಪ್‌ಗೆ ಬರುತ್ತದೆ. ಅಲ್ಲಿ ಕಾಣುವ ಮೂಲ ಐಪಿ ಬ್ಯಾಲೆನ್ಸರ್‌ನ 10.0.1 ಸಾಲಿನದು. ತೊಂದರೆ ಕೊಡುವವನ ಐಪಿ ಒಂದು ಹೆಡರ್‌ನಲ್ಲಿ ಕೂತಿರುತ್ತದೆ, ನ್ಯಾಕಲ್ ಹೆಡರ್ ಓದುವುದಿಲ್ಲ. ತಡೆ ಹಾಕಬೇಕಾದದ್ದು ಬ್ಯಾಲೆನ್ಸರ್ ಇರುವ ಸಬ್‌ನೆಟ್‌ಗೆ. ಬ್ಯಾಲೆನ್ಸರ್ ಸಾಮಾನ್ಯವಾಗಿ ಕನಿಷ್ಠ ಎರಡು ಸಬ್‌ನೆಟ್‌ಗಳಲ್ಲಿ ಇರುತ್ತದೆ ಅನ್ನುವುದು ನೆನಪಿರಲಿ, ಮೇಲಿನ ಉದಾಹರಣೆಯಲ್ಲಿ ಸರಳವಾಗಲಿ ಅಂತ ಒಂದನ್ನೇ ಹೇಳಿದ್ದೆ. ನಮ್ಮಲ್ಲಿ ಎರಡೂ ಒಂದೇ ನ್ಯಾಕಲ್ ಅಡಿಯಲ್ಲಿದ್ದವು, ಹಾಗಾಗಿ ಬಚಾವ್. ಬೇರೆ ಬೇರೆ ಇದ್ದಿದ್ದರೆ ಅರ್ಧ ದಾಳಿ ನಿಂತು ಅರ್ಧ ಮುಂದುವರಿಯುತ್ತಿತ್ತು.

## ಮರೆವಿಗೆ ತೆರಬೇಕಾದ ಬೆಲೆ

ತಡೆ ಹಾಕಿದ ಉತ್ಸಾಹದಲ್ಲಿ ಮರುದಿನ ಒಂದು ತೀರ್ಮಾನ ಮಾಡಿದೆವು. ಡೇಟಾಬೇಸ್ ಸಬ್‌ನೆಟ್‌ಗೂ ಒಂದು ಬಿಗಿಯಾದ ನ್ಯಾಕಲ್ ಹಾಕೋಣ ಅಂತ. ನೀವೇ ಹೊಸದಾಗಿ ಮಾಡುವ ನ್ಯಾಕಲ್ ಡಿಫಾಲ್ಟ್‌ನ ಹಾಗಲ್ಲ, ಅದರಲ್ಲಿ ನಕ್ಷತ್ರದ ನಿಯಮ ಒಂದೇ ಇರುತ್ತದೆ. ಅಂದರೆ ಎರಡೂ ಕಡೆ ಪೂರ್ತಿ ಬಂದ್. ಒಳಬರುವ ಕಡೆ 10.0.2.0/24ರಿಂದ 5432 ಬಿಟ್ಟೆವು. ಸೆಕ್ಯುರಿಟಿ ಗ್ರೂಪ್ ಆಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಇಲ್ಲಿ ಉತ್ತರಕ್ಕೂ ಬೇರೆಯಾಗಿ ದಾರಿ ಬಿಡಬೇಕು.

ಉತ್ತರ ಯಾವ ಪೋರ್ಟ್‌ಗೆ ಹೋಗುತ್ತದೆ? 5432ಕ್ಕಲ್ಲ. ಆ್ಯಪ್ ಸರ್ವರ್ ಸಂಪರ್ಕ ಮಾಡುವಾಗ ತನ್ನ ಕಡೆಯಿಂದ ಒಂದು ತಾತ್ಕಾಲಿಕ ಪೋರ್ಟ್ ಎತ್ತಿಕೊಂಡಿರುತ್ತದೆ, ಉದಾಹರಣೆಗೆ 40312. ಉತ್ತರ ಬರಬೇಕಾದದ್ದು ಅಲ್ಲಿಗೆ. ಇವಕ್ಕೆ ಎಫೆಮೆರಲ್ ಪೋರ್ಟ್ ಅನ್ನುತ್ತಾರೆ. ಲಿನಕ್ಸ್‌ನಲ್ಲಿ ಇವು ಸಾಮಾನ್ಯವಾಗಿ 32768ರಿಂದ 60999. ಈಗಿನ ವಿಂಡೋಸ್ ಸರ್ವರ್‌ಗಳಲ್ಲಿ 49152ರಿಂದ 65535. ನ್ಯಾಟ್ ಗೇಟ್‌ವೇಗೆ ಇನ್ನೂ ಅಗಲ, 1024ರಿಂದ 65535.

ನಮ್ಮಲ್ಲಿ ಒಬ್ಬರು ಯಾವುದೋ ಹಳೆಯ ಟಿಪ್ಪಣಿ ನೋಡಿ 49152ರಿಂದ 65535 ಬಿಟ್ಟರು. ಅದು ವಿಂಡೋಸ್‌ನ ವ್ಯಾಪ್ತಿ, ನಮ್ಮ ಆ್ಯಪ್ ಸರ್ವರ್‌ಗಳು ಲಿನಕ್ಸ್. ಪರೀಕ್ಷೆ ಮಾಡಿದಾಗ ಡೇಟಾಬೇಸ್ ಸಂಪರ್ಕ ಆಯಿತು. ಖುಷಿಯಿಂದ ಮನೆಗೆ ಹೋದೆವು. ಆಮೇಲೆ ಶುರುವಾಯಿತು ನೋಡಿ, ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ. ಆ್ಯಪ್ ರೀಸ್ಟಾರ್ಟ್ ಮಾಡಿದರೆ ಸರಿಹೋದಂತೆ ಕಾಣುತ್ತದೆ, ಮತ್ತೆ ಕೆಡುತ್ತದೆ. ಡೇಟಾಬೇಸ್ ಮೇಲೆ ಲೋಡ್ ಜಾಸ್ತಿ ಆಗಿದೆ ಅಂತ ಒಬ್ಬರು, ಕನೆಕ್ಷನ್ ಪೂಲ್ ತಪ್ಪು ಅಂತ ಇನ್ನೊಬ್ಬರು.

ಲೆಕ್ಕ ಹಾಕಿದರೆ ಗುಟ್ಟು ಗೊತ್ತಾಗುತ್ತದೆ. ಲಿನಕ್ಸ್ ಎತ್ತಿಕೊಳ್ಳಬಹುದಾದ ಪೋರ್ಟ್‌ಗಳು ಒಟ್ಟು 28,232. ಅವುಗಳಲ್ಲಿ ನಾವು ಬಿಟ್ಟ ವ್ಯಾಪ್ತಿಯೊಳಗೆ ಬೀಳುವವು 49152ರಿಂದ 60999ರವರೆಗಿನ 11,848. ಅಂದರೆ ನೂರರಲ್ಲಿ ಸುಮಾರು 42 ಪೋರ್ಟ್‌ಗಳಿಗೆ ಮಾತ್ರ ಉತ್ತರ ಬರುವ ದಾರಿ ಇತ್ತು. ಉಳಿದವುಗಳ ರಿಕ್ವೆಸ್ಟ್ ಡೇಟಾಬೇಸ್ ತಲುಪುತ್ತಿತ್ತು, ಉತ್ತರ ಗಡಿಯಲ್ಲಿ ಸುಮ್ನೆ ಬಿದ್ದುಹೋಗುತ್ತಿತ್ತು. ಪೂರ್ತಿ ಕೆಟ್ಟಿದ್ದರೆ ಐದು ನಿಮಿಷದಲ್ಲಿ ಹಿಡಿಯುತ್ತಿದ್ದೆವು. ಅರೆಬರೆ ಕೆಲಸ ಮಾಡಿದ್ದಕ್ಕೇ ಒಂದು ದಿನ ಹೋಯಿತು.

ಸರಿಪಡಿಸಿದ ಮೇಲೆ ಡೇಟಾಬೇಸ್ ಸಬ್‌ನೆಟ್‌ನ ನ್ಯಾಕಲ್ ಹೀಗಿತ್ತು:

```
Inbound   100  TCP  5432         10.0.2.0/24  Allow
Inbound   *    All  All          0.0.0.0/0    Deny
Outbound  100  TCP  32768-60999  10.0.2.0/24  Allow
Outbound  *    All  All          0.0.0.0/0    Deny
```

ಇದು ಒಂದು ಕಡೆಯ ಕಥೆ. ಆ್ಯಪ್ ಸಬ್‌ನೆಟ್‌ಗೂ ಬಿಗಿಯಾದ ನ್ಯಾಕಲ್ ಇದ್ದರೆ ಅಲ್ಲಿ ಇದರ ಕನ್ನಡಿ ರೂಪ ಬರೆಯಬೇಕು: 5432 ಹೊರಗೆ, 32768-60999 ಒಳಗೆ. ಒಂದೇ ಒಂದು ಮಾತುಕತೆಗೆ ನಾಲ್ಕು ನಿಯಮ. ಅದೇ ಕೆಲಸಕ್ಕೆ ಸೆಕ್ಯುರಿಟಿ ಗ್ರೂಪ್‌ನಲ್ಲಿ ಡೇಟಾಬೇಸ್ ಕಡೆ ಒಂದು ಇನ್‌ಬೌಂಡ್ ನಿಯಮ ಸಾಕು, ಯಾಕೆಂದರೆ ಕನ್ಸೋಲ್‌ನಲ್ಲಿ ಮಾಡಿದ ಗ್ರೂಪ್‌ಗೆ ಹೊರಹೋಗುವ ದಾರಿ ಮೊದಲಿಂದ ತೆರೆದೇ ಇರುತ್ತದೆ. ಟೆರಾಫಾರ್ಮ್‌ನಲ್ಲಿ ಮಾಡುವವರು ಮಾತ್ರ ಹುಷಾರು: ಅದು ಆ ತೆರೆದ ಔಟ್‌ಬೌಂಡ್ ನಿಯಮವನ್ನು ತೆಗೆದುಹಾಕುತ್ತದೆ, ನೀವೇ ಬರೆಯಬೇಕು.

## ಯಾವುದು ತಡೆಯಿತು ಅಂತ ತಿಳಿಯುವುದು ಹೇಗೆ

ಎರಡೂ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತವೆ. ಹಾಗಾಗಿ ಎರಡರಲ್ಲೂ ನಿಮಗೆ ಕಾಣುವುದು ಟೈಮ್‌ಔಟ್. `Connection refused` ಬಂದರೆ ಬಹುಮಟ್ಟಿಗೆ ಸಂತೋಷಪಡಿ, ಪ್ಯಾಕೆಟ್ ಸರ್ವರ್‌ವರೆಗೆ ತಲುಪಿದೆ, ಆ ಪೋರ್ಟ್‌ನಲ್ಲಿ ಕೇಳುವವರು ಇಲ್ಲ ಅಷ್ಟೇ. ಫೈರ್‌ವಾಲ್ ಬಿಟ್ಟು ಪ್ರೋಗ್ರಾಮ್ ನೋಡಿ.

ಟೈಮ್‌ಔಟ್ ಆದರೆ ವಿಪಿಸಿ ಫ್ಲೋ ಲಾಗ್ ತೆರೆಯಿರಿ. ನಮ್ಮ ಆ ಅರೆಬರೆ ದಿನದಲ್ಲಿ ಡೇಟಾಬೇಸ್ ಇಂಟರ್ಫೇಸ್‌ನ ಲಾಗ್‌ನಲ್ಲಿ ಕಂಡದ್ದು ಹೀಗಿತ್ತು. ಓದಲು ಸುಲಭವಾಗಲಿ ಅಂತ ಬೇಕಾದ ಕಾಲಂಗಳನ್ನಷ್ಟೇ ಇಟ್ಟಿದ್ದೇನೆ:

```
10.0.2.20  10.0.3.30  40312  5432   ACCEPT
10.0.3.30  10.0.2.20  5432   40312  REJECT
```

ಮೊದಲ ಸಾಲು ಪ್ರಶ್ನೆ, ಒಳಗೆ ಬಂತು. ಎರಡನೆಯದು ಅದಕ್ಕೇ ಉತ್ತರ, ಅದನ್ನು ತಡೆದಿದೆ. ಸೆಕ್ಯುರಿಟಿ ಗ್ರೂಪ್ ಹೀಗೆ ಮಾಡಲಾರದು. ಪ್ರಶ್ನೆಯನ್ನು ಬಿಟ್ಟ ಮೇಲೆ ಉತ್ತರವನ್ನು ಅದು ತಾನಾಗಿಯೇ ಬಿಡುತ್ತದೆ. ಪ್ರಶ್ನೆಗೆ ACCEPT, ಅದರ ಉತ್ತರಕ್ಕೆ REJECT ಕಂಡರೆ ಅಪರಾಧಿ ನ್ಯಾಕಲ್ ಅಂತ ಬರೆದಿಟ್ಟುಕೊಳ್ಳಿ. ಪ್ರಶ್ನೆಗೇ REJECT ಬಂದು, ಉತ್ತರದ ಸಾಲೇ ಇಲ್ಲದಿದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಆಗ ರೀಚಬಿಲಿಟಿ ಅನಲೈಸರ್ ಓಡಿಸಿದರೆ ಯಾವ ಗ್ರೂಪ್ ಅಥವಾ ಯಾವ ನ್ಯಾಕಲ್ ಅಡ್ಡ ಬಂತು ಅಂತ ಹೆಸರು ಹಿಡಿದು ಹೇಳುತ್ತದೆ. ಅದಕ್ಕೆ ಪ್ರತಿ ಸಲದ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಹಾಗಾಗಿ ನಾನು ಮೊದಲು ಲಾಗ್ ನೋಡುತ್ತೇನೆ.

ಒಂದು ಮಾತು ಸೇರಿಸಬೇಕು. ಒಂದೇ ಸಬ್‌ನೆಟ್‌ನೊಳಗಿನ ಎರಡು ಸರ್ವರ್‌ಗಳು ಮಾತಾಡಿಕೊಂಡರೆ ಪ್ಯಾಕೆಟ್ ಗಡಿಯನ್ನೇ ದಾಟುವುದಿಲ್ಲ, ನ್ಯಾಕಲ್ ಅದನ್ನು ನೋಡುವುದೂ ಇಲ್ಲ. ಆ್ಯಪ್ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಸಬ್‌ನೆಟ್‌ನಲ್ಲಿಟ್ಟು ನ್ಯಾಕಲ್ ಕಾಯುತ್ತದೆ ಅಂದುಕೊಂಡರೆ ಅಲ್ಲಿ ಕಾವಲೇ ಇರುವುದಿಲ್ಲ.

## ಹಾಗಾದರೆ ಯಾವುದನ್ನು ಆರಿಸುವುದು

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಯಾರು ಯಾರ ಜೊತೆ ಮಾತಾಡಬಹುದು ಅನ್ನುವುದನ್ನೆಲ್ಲ ಸೆಕ್ಯುರಿಟಿ ಗ್ರೂಪ್‌ನಲ್ಲೇ ಬರೆಯಿರಿ, ಗ್ರೂಪ್ ಹೆಸರುಗಳನ್ನೇ ಮೂಲವಾಗಿ ಕೊಟ್ಟು. ನ್ಯಾಕಲನ್ನು ಡಿಫಾಲ್ಟ್‌ನಲ್ಲೇ ತೆರೆದು ಬಿಡಿ. ಅದನ್ನು ಮುಟ್ಟಲು ನಿಮ್ಮ ಹತ್ತಿರ ಒಂದು ಸ್ಪಷ್ಟ ಕಾರಣ ಇರಬೇಕು. ಕಾರಣ ಕೇಳಿದಾಗ "ಇನ್ನೊಂದು ಪದರ ಇದ್ದರೆ ಒಳ್ಳೆಯದಲ್ವಾ" ಅನ್ನುವುದು ಉತ್ತರವಾದರೆ ಬೇಡ. ಆ ಪದರವನ್ನು ನೋಡಿಕೊಳ್ಳುವವರು ಯಾರು ಅಂತ ಮೊದಲು ಕೇಳಿ.

ನನಗೆ ಒಪ್ಪಿಗೆಯಾಗುವ ಕಾರಣಗಳು ಮೂರೇ. ಒಂದು, ನಾವು ಆ ಸಂಜೆ ಮಾಡಿದಂತೆ, ಒಂದೆರಡು ಐಪಿಗಳನ್ನು ಈಗಿಂದೀಗ ತಡೆಯಬೇಕು, ನಡೆಯುತ್ತಿರುವ ಸಂಪರ್ಕವೂ ಕಡಿಯಬೇಕು. ಎರಡು, ಬೇಲಿ. ಸೆಕ್ಯುರಿಟಿ ಗ್ರೂಪ್‌ಗಳನ್ನು ಹತ್ತಾರು ಡೆವಲಪರ್‌ಗಳು ತಿದ್ದುವ ಕಡೆ, ಯಾರೋ ಡೇಟಾಬೇಸ್ ಗ್ರೂಪ್‌ಗೆ 0.0.0.0/0 ಹಾಕಿಬಿಟ್ಟರೂ 10.0.2.0/24 ಬಿಟ್ಟು ಬೇರೆಲ್ಲಿಂದಲೂ ಒಳಬರಬಾರದು ಅಂದರೆ, ನ್ಯಾಕಲ್ ಅದನ್ನು ಖಂಡಿತ ಕೊಡುತ್ತದೆ. ಆದರೆ ನ್ಯಾಕಲ್ ತಿದ್ದುವ ಅನುಮತಿ ಬೇರೆಯವರ ಕೈಯಲ್ಲಿರಬೇಕು, ಇಲ್ಲದಿದ್ದರೆ ಅದೇ ಕೈ ಎರಡನ್ನೂ ತೆರೆಯುತ್ತದೆ. ಮೂರು, ನ್ಯಾಟ್ ಗೇಟ್‌ವೇ. ಅದಕ್ಕೆ ಸೆಕ್ಯುರಿಟಿ ಗ್ರೂಪ್ ಅಂಟಿಸಲು ಆಗುವುದಿಲ್ಲ, ಅದರ ಸಬ್‌ನೆಟ್‌ನಲ್ಲಿ ಏನಾದರೂ ನಿಯಂತ್ರಿಸಬೇಕೆಂದರೆ ನ್ಯಾಕಲ್ ಬೇಕು.

ಉದ್ದನೆಯ ತಡೆಪಟ್ಟಿ ಇಡಲು ಮಾತ್ರ ನ್ಯಾಕಲ್ ಬೇಡ. ಒಂದು ದಿಕ್ಕಿಗೆ 20 ನಿಯಮ ಅದರ ಮಿತಿ. ಕೇಳಿಕೊಂಡರೆ 40ರವರೆಗೆ ಹೆಚ್ಚಿಸಿ ಕೊಡುತ್ತಾರೆ, ಅದಕ್ಕಿಂತ ಮೇಲಿಲ್ಲ. ಅದೇ ಎಡಬ್ಲ್ಯುಎಸ್‌ನ ವೆಬ್ ಫೈರ್‌ವಾಲ್ ಆದ ವ್ಯಾಫ್‌ನಲ್ಲಿ ಒಂದು ಐಪಿ ಸೆಟ್‌ಗೆ 10,000 ವಿಳಾಸ ಹಾಕಬಹುದು, ಅದು ಹೆಡರ್ ಕೂಡ ಓದುತ್ತದೆ. ಬ್ಯಾಲೆನ್ಸರ್ ಮುಂದೆ ಕ್ಲೌಡ್‌ಫ್ರಂಟ್ ಇಟ್ಟಿದ್ದರಂತೂ ನ್ಯಾಕಲ್‌ಗೆ ಕಾಣುವುದು ಕ್ಲೌಡ್‌ಫ್ರಂಟ್‌ನ ಐಪಿ ಮಾತ್ರ, ಅಲ್ಲಿ ವ್ಯಾಫ್‌ನಲ್ಲಿ ತಡೆಯುವುದೇ ಸರಿ.

ಬೇರೆ ಕ್ಲೌಡ್‌ನಿಂದ ಬಂದವರಿಗೆ ಒಂದು ಸಣ್ಣ ಸೂಚನೆ. ಅಜೂರ್‌ನ ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪ್ ಹೆಸರಿನಲ್ಲಿ ಇದರ ಬಂಧುವಿನಂತಿದೆ, ಗುಣದಲ್ಲಿ ಎರಡರ ಮಿಶ್ರಣ. ಅದಕ್ಕೆ ನೆನಪೂ ಇದೆ, ಡಿನೈ ಕೂಡ ಇದೆ, ಸಂಖ್ಯೆಯ ಕ್ರಮವೂ ಇದೆ. ಅಲ್ಲಿನ ಅಭ್ಯಾಸವನ್ನು ಎಡಬ್ಲ್ಯುಎಸ್‌ಗೆ ತಂದರೆ ನನ್ನ ಗೆಳೆಯನ ಹಾಗೆ ಡಿನೈ ಹುಡುಕುತ್ತಾ ಕೂರಬೇಕಾಗುತ್ತದೆ.

ಆ 90ನೇ ನಿಯಮದ ಕಥೆ ಒಂದು ಬಾಕಿ ಇದೆ. ಎರಡು ದಿನದಲ್ಲಿ ದಾಳಿ ಬೇರೆ ಐಪಿಗಳಿಂದ ಬಂತು, ನಾವು ವ್ಯಾಫ್‌ಗೆ ಹೋದೆವು. 90 ಅಲ್ಲೇ ಉಳಿಯಿತು, ಎಲ್ಲರೂ ಮರೆತೆವು. ನ್ಯಾಕಲ್ ನಿಯಮದಲ್ಲಿ ಯಾಕೆ ಬರೆದೆವು ಅಂತ ಟಿಪ್ಪಣಿ ಹಾಕಲು ಜಾಗವೇ ಇಲ್ಲ. ಸೆಕ್ಯುರಿಟಿ ಗ್ರೂಪ್ ನಿಯಮದಲ್ಲಿ ವಿವರಣೆ ಬರೆಯಬಹುದು, ಇಲ್ಲಿ ಇಲ್ಲ. ಕೆಲವು ತಿಂಗಳ ಮೇಲೆ ಒಂದಿಷ್ಟು ಗ್ರಾಹಕರಿಂದ ದೂರು: ಮನೆಯ ವೈಫೈನಲ್ಲಿ ಸೈಟ್ ತೆರೆಯುತ್ತದೆ, ಮೊಬೈಲ್ ಡೇಟಾದಲ್ಲಿ ತೆರೆಯುವುದಿಲ್ಲ. ಆ ಐಪಿ ಒಂದು ಮೊಬೈಲ್ ಕಂಪನಿಯದು. ಮೊಬೈಲ್ ಜಾಲಗಳಲ್ಲಿ ಒಂದೇ ಪಬ್ಲಿಕ್ ಐಪಿಯ ಹಿಂದೆ ಬಹಳ ಜನ ಇರುತ್ತಾರೆ. ಒಬ್ಬನಿಗೆ ಹಾಕಿದ ಬೀಗ ಅವರೆಲ್ಲರಿಗೂ ಬಿದ್ದಿತ್ತು. 90ನ್ನು ಅಳಿಸಿದೆವು. ಈಗ ನ್ಯಾಕಲ್‌ಗೇ ಒಂದು ಟ್ಯಾಗ್ ಹಾಕಿ, ಯಾವ ಸಂಖ್ಯೆ ಯಾಕೆ, ಯಾವ ದಿನ ತೆಗೆಯಬೇಕು ಅಂತ ಅದರಲ್ಲಿ ಬರೆಯುತ್ತೇವೆ.